ತೆಗೆದ ಮಾತು, ಉಳಿದ ಸಾಲು

ನಿಪ್ಪಾಣಿಯಲ್ಲಿ ಕೂತು ನಾನು ಮರಾಠಿ ಪಾಡ್‌ಕಾಸ್ಟ್‌ಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದ ಕಾಲವದು. ಯಾರ ಮಾತು, ಆಡಿಯೊದಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಪ್ರತಿ ಸಾಲಿನ ಮುಂದೆ ಇರಬೇಕು. ಆ ಸಲ ಬೀಡಿ ಕಟ್ಟುವ ಹೆಂಗಸೊಬ್ಬಳ ಸಂದರ್ಶನ. ಹೆಸರು ಬೇಡವೆಂದಿದ್ದಳು, ‘ಅಕ್ಕ’ ಎಂದು ಹಾಕಿದ್ದೆ.

ಕತ್ತರಿಸದ ಆಡಿಯೊ ಕೇಳಿ ಬರೆದಿದ್ದೆ; ಪ್ರಕಟಿಸುವ ಮುಂಚೆ ಅಂತಿಮ ಆಡಿಯೊ ಬಂತು. ತಾಳೆ ನೋಡಿದರೆ ಅರ್ಧದವರೆಗೆ ಸರಿಯಿತ್ತು. ಆಮೇಲೆ ‘ಅಕ್ಕ’ ಎಂದಿದ್ದ ಹೊತ್ತಿಗೆಲ್ಲ ಸಂದರ್ಶಕಿಯ ದನಿ. ನಾನೇ ಕೆಡಿಸಿದೆನೇನೋ ಅನ್ನಿಸಿತು. ಹಿಂದೆ ಹೋಗಿ ಕೇಳಿದೆ. ಗಂಡ ಹೊಡೆಯುತ್ತಾನೆ ಎಂದು ಅವಳು ಆಡಿದ್ದ ಮಾತು ಆಡಿಯೊದಲ್ಲಿ ಇರಲಿಲ್ಲ. ನನ್ನ ಬರಹದಲ್ಲಿತ್ತು.

ಆಡಿಯೊ ಕತ್ತರಿಸಿದ್ದ ಸಂಕಲನಕಾರನಿಗೆ ಫೋನ್ ಮಾಡಿದೆ.

“ಆ ಮಾತ ತಗೀರಿ ಅಂತ ಆಕೀನ ಅಂದಳ್ರಿ. ನಿಮಗ ಹೇಳೂದು ಮರತ್ನಿ.”

“ಆಕಿ ಗಂಡಗ ಕನ್ನಡ ಓದಾಕ ಬರತೈತೇನು?”

“ಕನ್ನಡ ಸಾಲ್ಯಾಗ ಕಲ್ತಾನ್ರಿ. ಓದೂದೆಲ್ಲ ಕನ್ನಡಾನ.”

ಫೋನಿಟ್ಟವನೇ ಆ ಸಾಲು ಅಳಿಸಿ, ಮುಂದಿನ ಸಮಯಗಳನ್ನೆಲ್ಲ ಹಿಂದಕ್ಕೆ ಸರಿಸಿದೆ. ಆಡಿಯೊ ಮತ್ತೆ ಹಚ್ಚಿದೆ. ಈಗ ದನಿಗೂ ಸಾಲಿಗೂ ಚೂರೂ ವ್ಯತ್ಯಾಸವಿರಲಿಲ್ಲ. ತೆಗೆದ ಮಾತಿನ ಜಾಗದಲ್ಲೇ, ಆಡಿಯೊದಲ್ಲೂ ಬರಹದಲ್ಲೂ, ಸಂದರ್ಶಕಿ ಅದಕ್ಕೆ ಹಾಕಿದ್ದ ಮರುಪ್ರಶ್ನೆ ಉಳಿದಿತ್ತು: “ಮಕ್ಕಳ ಎದುರಿಗೇನಾ?”