ಹೆಬ್ಬೆರಳು ಬಿದ್ದ ಮದುವೆ ವಿಡಿಯೊ

ಸವಣೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಮಾಲತೇಶನಿಗೆ ಮದುವೆ ವಿಡಿಯೊ ತೆಗೆಯುವುದಕ್ಕಿಂತ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದೇ ದೊಡ್ಡ ತಲೆನೋವು. ವಿಡಿಯೊ ಎಂದೇ ಕಳಿಸಿದರೆ ಆ ದರಿದ್ರ ಆ್ಯಪ್ ಅದನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಎರಡು ಜಿಬಿ ದಾಟಿದ ಫೈಲನ್ನಂತೂ ಮುಟ್ಟುವುದೇ ಇಲ್ಲ. ಅದಕ್ಕೇ ಅವನು ಶಂಕ್ರಪ್ಪನವರ ಮಗಳ ಮದುವೆಯ ಫೋರ್‌ಕೆ ವಿಡಿಯೊವನ್ನು ಫುಲ್ ಎಚ್‌ಡಿಗೆ ಇಳಿಸಿ, ಬಿಟ್‌ರೇಟ್ ತಗ್ಗಿಸಿ, ಎಂಪಿ ಫೋರ್ ಮಾಡಿ, ಡಾಕ್ಯುಮೆಂಟ್ ಆಗಿ ಕಳಿಸಿದ. ಹಾಗೆ ಕಳಿಸಿದರೆ ಇದ್ದದ್ದು ಇದ್ದ ಹಾಗೆಯೇ ತಲುಪುತ್ತದೆ.

ಮರುದಿನ ಶಂಕ್ರಪ್ಪ ಸ್ಟುಡಿಯೊಗೇ ಬಂದು ಫೋನ್ ಮುಂದೆ ಹಿಡಿದರು.

"ಏನ್ ಮಾಡಿಟ್ಟೀಯೋ ಇದು? ಹುಡುಗಿ ಮಾರಿನ ಕಾಣವಲ್ದು. ಬೀಗರು ನಗಾಕತ್ತಾರ."

ಮಾಲತೇಶ ನೋಡಿದ. ಮದುಮಗಳ ಮುಖ ಕಲಸಿದ ಹಿಟ್ಟಾಗಿತ್ತು. ಮಂತ್ರದ ಮೇಲೆ ಯಾರದೋ ಮನೆಯ ಫ್ಯಾನಿನ ಗರಗರ. ಮೂಲೆಯಲ್ಲೊಂದು ಹೆಬ್ಬೆರಳು.

"ಇದು ನಾ ಕಳಿಸಿದ್ದಲ್ರಿ."

"ನೀ ಕಳಿಸಿದ್ದು ಗ್ಯಾಲರಿಯೊಳಗ ಸಿಗಲಿಲ್ಲ. ಅದಕ್ಕ ನನ್ನ ಫೋನಿನ್ಯಾಗ ಹಚ್ಚಿ, ನಮ್ಮಾಕಿ ಫೋನಿಲೆ ಅದನ್ನ ಶೂಟಿಂಗ್ ಮಾಡಿ ಗ್ರೂಪಿಗೆ ಹಾಕೇನಿ."

"ಒತ್ತಿ ಹಿಡದು ಹಂಗ ಫಾರ್ವರ್ಡ್ ಮಾಡಿದ್ರ ಮುಗೀತಿತ್ತಲ್ರಿ!"

"ಫಾರ್ವರ್ಡ್ ಮಾಡಿದ್ರ ಕ್ವಾಲಿಟಿ ಕೆಡತದ ಅಂತ ನೀನ ಹೇಳಿದ್ದಿ."

ಮಾಲತೇಶ ಹೇಳಿದ್ದು ವಿಡಿಯೊ ಎಂದು ಕಳಿಸಿದರೆ ಕೆಡುತ್ತದೆ ಎಂದು, ಫಾರ್ವರ್ಡ್ ಮಾಡಿದರೆ ಎಂದಲ್ಲ. ಈಗ ತಿಳಿಸಿ ಹೇಳಲೂ ಅವನಿಗೆ ಬೇಸರವಾಯಿತು. ಆ ಗಲೀಜು ಆಗಲೇ ಊರೂರು ಸುತ್ತಿತ್ತು. ಅದರಲ್ಲಿ ಸ್ಪಷ್ಟವಾಗಿ ಓದಲು ಬರುತ್ತಿದ್ದದ್ದು ಒಂದೇ: ವಿಡಿಯೊದ ಉದ್ದಕ್ಕೂ ಕೆಳಗೆ ತಾನೇ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದ ತನ್ನ ಹೆಸರು.