ಕುಡಿದದ್ದು ಯಾವ ಔಷಧಿ?

ಹಾಸನದ ವೈದ್ಯರು ಇಂಗ್ಲಿಷಿನಲ್ಲಿ ಬರೆದ ವರದಿಗಳನ್ನು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸುವ ಮುನ್ನ ತಿದ್ದಿಕೊಡುವುದು ಪ್ರೇಕ್ಷಾಳ ಕಸುಬು. 'ತಲೆ ಸುತ್ತುತ್ತದೆ' ಎನ್ನುವುದು 'ಹೆಡ್ ಈಸ್ ರೊಟೇಟಿಂಗ್' ಆಗಿ ಬಂದಾಗ ನಕ್ಕು ತಿದ್ದುತ್ತಿದ್ದಳು.

ಡಾಕ್ಟರ್ ರಜನೀಶನ ವರದಿ ಓದಿದಾಗ ಮಾತ್ರ ಅವಳಿಗೆ ನಗು ಬರಲಿಲ್ಲ. ಹಳೇಕೋಟೆ ಕಡೆಯ ಸೊಸೆಯೊಬ್ಬಳು ಮನೆಯಲ್ಲಿ ಜಗಳವಾದ ಮೇಲೆ 'ಡ್ರ್ಯಾಂಕ್ ಮೆಡಿಸಿನ್' ಎಂದಿತ್ತು. ವ್ಯಾಕರಣ ಸರಿಯಿದ್ದುದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆದಿರಲಿಲ್ಲ. 'ಔಷ್ದಿ ಕುಡ್ದ್ಬುಟ್ಲು ಸಾ' ಎಂದು ಮನೆಯವರು ಅತ್ತುಕೊಂಡು ಹೇಳಿದ್ದನ್ನು ಅವನು ಪದಕ್ಕೆ ಪದ ಇಳಿಸಿದ್ದ. ಊರಿನವರಿಗೆ ಅದು ಬೆಳೆಗೆ ಹೊಡೆಯುವ ವಿಷ. ಇಂಗ್ಲಿಷಿನಲ್ಲಿ ಓದುವವರಿಗೆ ಕಾಯಿಲೆ ವಾಸಿಯಾಗಲೆಂದು ಕುಡಿದ ಮದ್ದು.

ಪ್ರೇಕ್ಷಾ ಫೋನ್ ಮಾಡಿದಳು.

"ಆಕೆ ಕುಡ್ದಿದ್ದು ಯಾವ ಕೀಟನಾಶಕ ಡಾಕ್ಟ್ರೇ?"

"ಯಾವ್ದೋ ಒಂದು ಹಾಕ್ಬಿಡಿ ಮೇಡಂ. ಆಯಮ್ಮ ಯಾವಾಗ್ಲೋ ಸತ್ತೋದ್ಲು. ಟೈಟಲ್ ಮಾತ್ರ ಜೋರಾಗಿರ್ಲಿ."

ಅವಳಿಗೆ ಹೇಸಿಗೆಯಾಯಿತು. ಅನುವಾದದ ತಪ್ಪನ್ನು ಒರೆಸಬಹುದಿತ್ತು, ಈ ಮಾತನ್ನು ಒರೆಸುವುದು ಹೇಗೆ?

"ಕೇಸ್ ಶೀಟ್ ನೋಡಿ ಹೇಳಿ. ಅಲ್ಲೀವರ್ಗೂ ಇದು ವಾಪಸ್ ಬರಲ್ಲ," ಎಂದಳು.

ಅವನು ಗೊಣಗುತ್ತಲೇ ಹೆಸರು ಕಳಿಸಿದ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಟ್ಟೆಗೆ ಹೋಗಿತ್ತೆಂದು ಸರಿಯಾದ ಇಂಗ್ಲಿಷಿನಲ್ಲಿ ಬರೆದು ಅವಳು, ಟೈಟಲನ್ನು ಇದ್ದ ಹಾಗೇ ಬಿಟ್ಟು, ವರದಿಯನ್ನು ಹಿಂದಿರುಗಿಸಿದಳು. 'ಟೈಟಲ್ ಏನಾಯ್ತು?' ಎಂದು ಅವನ ಮೆಸೇಜು ಬಂತು. ಅವಳು ಅದನ್ನು ಅಳಿಸಿಹಾಕಿದಳು. ಅವನ ಬರಹವನ್ನು ಮತ್ತೆಂದೂ ಮುಟ್ಟಲಿಲ್ಲ.