ಕಾಫಿ ಮಿಷನ್ನಿನ ಡ್ರಾಯರಿನಲ್ಲೊಂದು ಅಡಿಕೆ

ಅರವತ್ತರ ದಶಕದಲ್ಲಿ ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಸಣ್ಣ ಹೋಟೆಲಿತ್ತು. ಹುರಿದ ಕಾಫಿ ಬೀಜವನ್ನು ಕೈಯಲ್ಲಿ ತಿರುಗಿಸುವ ಮಿಷನ್ನಿಗೆ ಹಾಕಿ ನಾವೇ ಪುಡಿ ಮಾಡುತ್ತಿದ್ದೆವು. ಒಂದು ವರ್ಷ ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಹೋಟೆಲಿಗೆ ಹೋಗತೊಡಗಿದರು. ತೀರ್ಥಹಳ್ಳಿ ಬಸ್ಸಿನ ಡ್ರೈವರು ಮಾತ್ರ ಬಾಯಿಬಿಟ್ಟು ಕೇಳಿದ: “ಅಮ್ಮ, ಇದು ಕಾಫಿ ಬೀಜದ್ದಾ, ಹೋದ್ವರ್ಷದ ಕೊಬ್ರಿದಾ?”

ಬೀಜವೂ ಹೊಸದು, ಹಾಲೂ ಹೊಸದು. ಮಿಷನ್ನಿನ ಕೆಳಗೆ ಪುಡಿ ಬೀಳುವ ಡ್ರಾಯರನ್ನು ಎಳೆದು ಮೂಸಿದೆ. ಕಮಟು ವಾಸನೆ ಅಲ್ಲೇ ಇತ್ತು. ಪೂರ್ತಿ ಬರಿದು ಮಾಡಬಾರದೆಂದು ನಮ್ಮ ಯಜಮಾನರು ದಿನಾ ಒಂದು ಹಿಡಿ ಹಳೆ ಪುಡಿ ಅದರಲ್ಲೇ ಬಿಡುತ್ತಿದ್ದರು. ಹೊಸದು ಅದರ ಮೇಲೇ ಬೀಳುತ್ತಿತ್ತು.

“ಖಾಲಿ ಮಾಡಿದ್ರೆ ಅಂಗಡಿಗೆ ದರಿದ್ರ ಮಾರಾಯ್ತಿ,” ಅಂದರು.

“ಡ್ರಾಯರು ತುಂಬಿರ್ಲಿ, ಬೆಂಚು ಖಾಲಿಯಾಗ್ಲಿ ಅಂತೀರಾ?” ಅಂದೆ ನಾನು.

ಅವರ ಕೈಯಲ್ಲೇ ಮಿಷನ್ ಬಿಚ್ಚಿಸಿದೆ. ಹಲ್ಲುಗಳ ಸಂದಿಯಲ್ಲಿ ಬೀಜದ ಎಣ್ಣೆ ಪುಡಿಯೊಂದಿಗೆ ಸೇರಿ ಕಪ್ಪಗೆ ಮೇಣದ ಹಾಗೆ ಕೂತಿತ್ತು. ನೀರು ಸೋಕಿದರೆ ತುಕ್ಕು ಹಿಡಿಯುತ್ತದೆಂದು ಒಣ ಬ್ರಷ್ಷಿನಲ್ಲೇ ಉಜ್ಜಿ, ಬಟ್ಟೆಯಲ್ಲಿ ಒರೆಸಿದೆ. ಮತ್ತೆ ಜೋಡಿಸಿ ಬೀಸಿದಾಗ ಮೊದಲು ಬಿದ್ದ ಹಿಡಿ ಪುಡಿಯನ್ನೂ ಚೆಲ್ಲಿದೆ. ಸಂಜೆ ಡ್ರಾಯರು ಗುಡಿಸಿ, ಯಜಮಾನರ ಸಮಾಧಾನಕ್ಕೆ ಒಂದು ಅಡಿಕೆ ಇಟ್ಟೆ. ಖಾಲಿಯಿಲ್ಲವಲ್ಲ, ಅವರೂ ಒಪ್ಪಿದರು.

ಮರುದಿನ ಡ್ರೈವರು ಒಂದು ಗುಟುಕು ಕುಡಿದವನೇ ಎದುರಿನ ಹೋಟೆಲಿನಲ್ಲಿ ಕೂತಿದ್ದ ತನ್ನ ಕಂಡಕ್ಟರನ್ನು ಕೂಗಿದ: “ಆ ಕಾಫಿನ ಅಲ್ಲೇ ಬಿಟ್ಟು ಬಾರೋ.”

ಈಗ ಹೋಟೆಲು ನೋಡಿಕೊಳ್ಳುವವಳು ನನ್ನ ಮೊಮ್ಮಗಳು. ನಿನ್ನೆ ಸಂಜೆ ಯಾರೂ ಹೇಳದೆ ಅದೇ ಮಿಷನ್ ಬಿಚ್ಚಿ, ಉಜ್ಜಿ, ಡ್ರಾಯರಿಗೆ ಅಡಿಕೆ ಇಟ್ಟಳು. ಬೀದಿಯವರಿಗೆಲ್ಲ ಹೇಳಿ ಬಂದಿದ್ದೇನೆ; ಆದರೂ ಅವಳ ಬಗ್ಗೆ ಹೇಳಿಕೊಂಡಿದ್ದು ನನಗಿನ್ನೂ ಸಾಕಾಗಿಲ್ಲ.